ಮನೆ ಡಾಕ್ಟರಿಗೊಂದು ಪತ್ರ: ತೂಕ ಏರುತ್ತಿದೆ, ಯಾವ ಪರೀಕ್ಷೆ ಮಾಡಿಸಲಿ?

ಪ್ರಶ್ನೆ: ಡಾಕ್ಟರೇ, ನನಗೆ 42 ವರ್ಷ. ಎತ್ತರ ಐದಡಿ ಒಂದಂಗುಲ. ಆರು ವರ್ಷದ ಹಿಂದೆ 56 ಕಿಲೋ ಇದ್ದವಳು ಈಗ 67 ಆಗಿದ್ದೇನೆ. ಒಮ್ಮೆಲೇ ಊದಿಕೊಂಡದ್ದಲ್ಲ; ವರ್ಷ ವರ್ಷವೂ ರವಿಕೆಯ ಹೊಲಿಗೆ ಬಿಚ್ಚಿಸುವುದೇ ಆಗಿದೆ. ಮುಟ್ಟು ಸರಿಯಾಗಿದೆ. ಊಟವೂ ಹೆಚ್ಚೇನಿಲ್ಲ. ಸ್ವಲ್ಪ ಸುಸ್ತು. ಕೂದಲು ಉದುರುತ್ತದೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಿದ್ದೇನೆ. ನನ್ನ ಓರಗಿತ್ತಿಗೆ ಥೈರಾಯ್ಡ್ ತೊಂದರೆ ಇದೆ. "ನಿಂದೂ ಅದೇ ಕಣೇ, ನನ್ನ ಮಾತ್ರೇಲಿ ಅರ್ಧ ತಗೊಂಡು ನೋಡು" ಅನ್ನುತ್ತಾಳೆ. ಲ್ಯಾಬಿನವರು ಎಪ್ಪತ್ತು ಪರೀಕ್ಷೆ ಒಟ್ಟಿಗೆ ಮಾಡುತ್ತೇವೆ ಅನ್ನುತ್ತಾರೆ. ನಮ್ಮ ಮನೆಯವರು "ಸುಮ್ನೆ ದುಡ್ಡು ದಂಡ" ಅಂತಾರೆ. ಏನು ಮಾಡಲಿ?
— ಎಸ್., ತಿಪಟೂರು

ಉತ್ತರ: ತಂಗಿ, ತೂಕವನ್ನು ವರ್ಷಗಳ ಲೆಕ್ಕ ಸಮೇತ ಬರೆದಿದ್ದೀರಿ. ಅದರಿಂದಲೇ ಅರ್ಧ ಕೆಲಸ ಆಯಿತು. ಆರು ವರ್ಷಕ್ಕೆ 11 ಕಿಲೋ ಎಂದರೆ ತಿಂಗಳಿಗೆ ಸುಮಾರು 150 ಗ್ರಾಂ, ದಿನಕ್ಕೆ ಐದು ಗ್ರಾಂ. ಸರಾಸರಿ ದಿನಕ್ಕೆ ಒಂದು ಟೀ ಚಮಚ ಎಣ್ಣೆಯಷ್ಟು ಶಕ್ತಿ ಖರ್ಚಾಗದೆ ಮೈಯಲ್ಲಿ ಉಳಿದರೂ ಇಷ್ಟಾಗುತ್ತದೆ. ತೂಕ ಏರಿದಂತೆ ಮೈ ಕೇಳುವುದೂ ಹೆಚ್ಚುವುದರಿಂದ ನಿಜವಾದ ಲೆಕ್ಕ ಇದಕ್ಕಿಂತ ದೊಡ್ಡದು. ಆದರೂ ಅದು ನಿಧಾನವಾಗಿ ಕೂಡುವುದರಿಂದ ತಟ್ಟೆ ನೋಡಿದರೆ ಗೊತ್ತಾಗುವುದಿಲ್ಲ. "ಊಟ ಹೆಚ್ಚೇನಿಲ್ಲ" ಎಂಬ ನಿಮ್ಮ ಮಾತನ್ನು ನಾನು ನಂಬುತ್ತೇನೆ. ಮೂರು ಹೊತ್ತು ಕಾಫಿಗೆ ಎರಡೆರಡು ಚಮಚ ಸಕ್ಕರೆ, ಚೆಲ್ಲಲು ಮನಸ್ಸು ಬಾರದೆ ತಿಂದ ಮಕ್ಕಳ ತಟ್ಟೆಯ ಅನ್ನ, ಇವನ್ನು ಯಾವ ಗೃಹಿಣಿಯೂ ಊಟವೆಂದು ಎಣಿಸುವುದಿಲ್ಲ ತಾನೆ!

ಆದರೂ ನಿಮಗೆ ಒಂದು ರಕ್ತಪರೀಕ್ಷೆ ಅಗತ್ಯವೇ: ಟಿ.ಎಸ್.ಎಚ್. ಥೈರಾಯ್ಡ್ ಗ್ರಂಥಿ ಸೋಮಾರಿಯಾದಾಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಈ ರಸವನ್ನು ಹೆಚ್ಚಾಗಿ ಕಳಿಸುತ್ತದೆ. ಅದರಿಂದ ಈ ಅಂಕಿ ಏರಿದ್ದರೆ ಥೈರಾಯ್ಡ್ ಸಾಲದೆಂದು ಅರ್ಥ. ಉಪವಾಸ ಬೇಕಿಲ್ಲ. ಆದರೆ ಕೂದಲಿನ ಮಾತ್ರೆಯಲ್ಲಿ ಬಯೋಟಿನ್ ಇದೆಯೇ ನೋಡಿ. ಇದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಟಿ.ಎಸ್.ಎಚ್. ಅಂಕಿಯನ್ನು ಸುಳ್ಳೇ ತಗ್ಗಿಸಿ ತೋರಿಸುತ್ತದೆ. ಇದ್ದ ಕಾಯಿಲೆ ಮರೆಯಾಗುತ್ತದೆ.

ಅಂಕಿ ಸುಮಾರು 4ರ ಒಳಗಿದ್ದರೆ ತೂಕಕ್ಕೆ ಥೈರಾಯ್ಡ್ ಕಾರಣವಲ್ಲ. 4ರಿಂದ 10ರ ನಡುವೆ ಬಂದರೆ ಗಾಬರಿಯಾಗಬೇಡಿ. ಎರಡು ಮೂರು ತಿಂಗಳು ಬಿಟ್ಟು, ಟಿ-4 ಜೊತೆಗೆ ಮತ್ತೊಮ್ಮೆ ನೋಡಬೇಕು. ಎಷ್ಟೋ ಸಲ ತಾನೇ ಇಳಿದಿರುತ್ತದೆ. 10 ದಾಟಿ ಹಾಗೆಯೇ ನಿಂತರೆ ಸಾಮಾನ್ಯವಾಗಿ ಮಾತ್ರೆ ಬೇಕು. ಆಗಲೂ ಒಂದು ಮಾತು ತಿಳಿದಿರಲಿ: ಥೈರಾಯ್ಡ್ ಕೊರತೆಯಿಂದ ಏರುವುದು ಹೆಚ್ಚಾಗಿ ಎರಡು ಮೂರು ಕಿಲೋ, ಅದರಲ್ಲೂ ಬಹುಪಾಲು ಉಪ್ಪು-ನೀರು. ಮಾತ್ರೆಯಿಂದ ಸುಸ್ತು ಹೋದೀತು. 11 ಕಿಲೋ ಇಳಿಯದು. ಓರಗಿತ್ತಿಯ ಮಾತ್ರೆಯನ್ನು ಮಾತ್ರ ಮುಟ್ಟಲೇಬೇಡಿ. ಬೇಡದವರು ನುಂಗಿದರೆ ಎದೆ ಡವಡವ ಎನ್ನುತ್ತದೆ, ನಿದ್ದೆ ಕೆಡುತ್ತದೆ, ಬಹುಕಾಲ ನುಂಗಿದರೆ ಮೂಳೆ ಸವೆಯುತ್ತದೆ.

ಎರಡನೆಯದು, ಬೆಳಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಮೂರು ತಿಂಗಳ ಸರಾಸರಿ ಹೇಳುವ ಸಕ್ಕರೆಯ ಪರೀಕ್ಷೆ. ಜೊತೆಗೆ ಕೊಲೆಸ್ಟರಾಲ್, ರಕ್ತದೊತ್ತಡ. ಇವು ತೂಕ ಯಾಕೆ ಏರಿತೆಂದು ಹೇಳುವುದಿಲ್ಲ, ಏರಿದ ತೂಕ ಒಳಗೇನು ಮಾಡಿದೆ ಎಂದು ಹೇಳುತ್ತವೆ. ಹೊಲಿಗೆಯ ಟೇಪಿನಿಂದ ಸೊಂಟವನ್ನೂ ಅಳೆದು ಬರೆದಿಡಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ ಕಾಯಿಲೆಯ ಭಯ ಹೆಚ್ಚು.

ಎಪ್ಪತ್ತರ ಕಂತೆ ಬೇಡ. ಈ ವಿಷಯದಲ್ಲಿ ನಿಮ್ಮ ಮನೆಯವರ ಮಾತೇ ಸರಿ. ಅನೇಕ ಪರೀಕ್ಷೆಗಳಲ್ಲಿ "ಸರಿ" ಎಂಬ ಗೆರೆಯನ್ನು ಎಳೆಯುವಾಗಲೇ ನೂರು ಆರೋಗ್ಯವಂತರಲ್ಲಿ ಐವರು ಹೊರಗುಳಿಯುವಂತೆ ಎಳೆದಿರುತ್ತಾರೆ. ಹಾಗಾಗಿ ಎಪ್ಪತ್ತು ಮಾಡಿಸಿದರೆ ಗಟ್ಟಿಮುಟ್ಟಾದವಳಿಗೂ ಮೂರು ನಾಲ್ಕು ಕಡೆ ಕೆಂಪು ಗುರುತು ಬೀಳಬಹುದು. ಆಮೇಲೆ ಅದರ ಹಿಂದೆ ಓಡಾಟ, ಇನ್ನಷ್ಟು ಪರೀಕ್ಷೆ.

ಕಾರ್ಟಿಸಾಲ್ ಪರೀಕ್ಷೆಯೂ ಎಲ್ಲರಿಗೂ ಬೇಕಿಲ್ಲ. ಹೊಟ್ಟೆಯ ಮೇಲೆ ಬೆರಳಗಲದ ನೇರಳೆ ಗೆರೆ, ಸುಮ್ಮನೆ ತಗುಲಿದರೂ ಕಂದುವ ಚರ್ಮ, ಕೈಯೂರದೆ ನೆಲದಿಂದ ಏಳಲಾಗದ ತೊಡೆ, ದುಂಡಗಾದ ಮುಖ, ಇವು ಕಂಡರೆ ಯೋಚಿಸಬೇಕು. ಆಗ ನಾನು ಮೊದಲು ಕೇಳುವುದು: ಮಂಡಿನೋವಿಗೋ ಉಬ್ಬಸಕ್ಕೋ ಹೆಸರಿಲ್ಲದ ಪುಡಿ ತಿನ್ನುತ್ತಿದ್ದೀರಾ? ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ತಿನ್ನುತ್ತಿದ್ದರೆ ಒಮ್ಮೆಗೇ ನಿಲ್ಲಿಸದೆ ಪೊಟ್ಟಣ ಸಮೇತ ಬನ್ನಿ. ಥಟ್ಟನೆ ನಿಲ್ಲಿಸುವುದೂ ಅಪಾಯ.

ಇನ್ನೊಂದು. ಕೈಕಾಲು, ಮುಖ ಸೊರಗುತ್ತಾ ಹೊಟ್ಟೆ ಮಾತ್ರ ವಾರಗಳಲ್ಲಿ ದೊಡ್ಡದಾದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಅದು ಬರೀ ಬೊಜ್ಜಲ್ಲ. ಅಂಥವರು ರಕ್ತಪರೀಕ್ಷೆಗೆ ಕಾಯದೆ ಆ ವಾರವೇ ಡಾಕ್ಟರನ್ನು ಕಂಡು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು. ಅಂಡಾಶಯದ ಗೆಡ್ಡೆಯೂ ಹೀಗೆಯೇ ಕಾಣಿಸಿಕೊಳ್ಳುತ್ತದೆ. ನಿಮ್ಮ ಪತ್ರದಲ್ಲಿ ಅದರ ಲಕ್ಷಣ ಕಾಣಲಿಲ್ಲ. ಟಿ.ಎಸ್.ಎಚ್., ಸಕ್ಕರೆಯ ರಿಪೋರ್ಟು ಬಂದ ಮೇಲೆ ಮತ್ತೆ ಬರೆಯಿರಿ.