ಒಣಗಿದ್ದು ಜೋಳ ಅಲ್ಲ

ನಾಲತವಾಡದ ಒಂದು ಹಿಂಗಾರಿ ಜೋಳದ ಹೊಲ ಅಂದ್ಕೊಳ್ಳಿ. 2021ರ ಜನವರಿಯಲ್ಲಿ ತಯಾರಾದ ಸೆಂಟಿನೆಲ್-2 ಎಲ್2ಎ ಚಿತ್ರದಲ್ಲಿ ಕೆಂಪು 800, ನಿಯರ್ ಇನ್‌ಫ್ರಾರೆಡ್ 3200, ಎನ್‌ಡಿವಿಐ 0.60. 2023ರಲ್ಲಿ ಬೆಳೆ ಅಷ್ಟೇ ಹಸಿರು, ಆದ್ರೆ ಅಂಕಿಗಳು 1800, 4200. ವ್ಯತ್ಯಾಸ 2400 ಹಾಗೇ ಇದೆ, ಮೊತ್ತ ಮಾತ್ರ 4000 ಇದ್ದದ್ದು 6000 ಆಯ್ತು, ಎನ್‌ಡಿವಿಐ 0.40. ನಾವು ಇದನ್ನೇ ಬರ ಅಂತ ಪ್ರಾಜೆಕ್ಟ್ ರಿಪೋರ್ಟಿಗೆ ಹಾಕ್ತೀವಿ!

2022ರ ಜನವರಿ 25ರಿಂದ ಪ್ರತಿ ಅಂಕಿಗೂ 1000 ಸೇರಿಸಿ ಕೊಡ್ತಾರೆ. ಹಾಗಾಗಿ ಹೋಲಿಸುವ ಮೊದಲೇ ಮೇಲ್ಮೈ ಪ್ರತಿಫಲನಕ್ಕೆ ಬದಲಿಸಬೇಕು ಅನ್ನೋದು ನಮ್ಮ ವಾದ:

`(DN + BOA_ADD_OFFSET) / 10000`

ಆಫ್‌ಸೆಟ್ -1000 ಅಂತ `MTD_MSIL2A.xml` ಕಡತದಲ್ಲೇ ಇರುತ್ತೆ, ಇಲ್ಲದಿದ್ರೆ 0. ಹಳೇ ಚಿತ್ರಗಳನ್ನೂ ಮತ್ತೆ ಸಂಸ್ಕರಿಸಿದ್ದಾರೆ, ಆದ್ದರಿಂದ ತಾರೀಖು ನಂಬಬೇಡಿ, ಕಡತ ನೋಡಿ. ಅನುಮಾನ ಇದ್ರೆ ಪಕ್ಕದ ನಾರಾಯಣಪುರ ಜಲಾಶಯದ ಆಳದ ತಿಳಿನೀರು ನೋಡಿ. ನಿಯರ್ ಇನ್‌ಫ್ರಾರೆಡ್‌ನಲ್ಲಿ ಅದು ಹೆಚ್ಚುಕಡಿಮೆ ಕಪ್ಪಾಗಿರಬೇಕು. ಅಲ್ಲೂ ಅಂಕಿ ಸಾವಿರ ದಾಟಿದ್ರೆ ಆಫ್‌ಸೆಟ್ ಇನ್ನೂ ಕಳೆದಿಲ್ಲ.