ಗೆರೆಯಾಚೆಯ ಬೈಗುಳಕ್ಕೆ ಯಾರು ಹೊಣೆ?

ಕಬಡ್ಡಿಯಲ್ಲಿ ತೀರ್ಪು ಕೊಡುವವರಿಗೆ ಕಣ್ಣಷ್ಟೇ ಸಾಲದು, ಕಿವಿಯೂ ಬೇಕು. ರೈಡರ್ ಎದುರಾಳಿಯ ಅಂಕಣಕ್ಕೆ ಕಾಲಿಟ್ಟ ಕ್ಷಣದಿಂದ ಮರಳಿ ಬರುವವರೆಗೆ ‘ಕಬಡ್ಡಿ ಕಬಡ್ಡಿ’ ಎನ್ನುವುದನ್ನು ನಿಲ್ಲಿಸುವಂತಿಲ್ಲ. ಅದು ಅಂಪೈರ್‌ಗೆ ಸ್ಪಷ್ಟವಾಗಿ ಕೇಳಿಸಬೇಕು. ಇಷ್ಟೆಲ್ಲ ನಡೆಯುವುದು 30 ಸೆಕೆಂಡುಗಳೊಳಗೆ. ಈಗ ಹಳ್ಳಿಯ ಶಾಲಾ ಬಯಲನ್ನು ಕಣ್ಣಮುಂದೆ ತಂದುಕೊಳ್ಳಿ. ಗ್ಯಾಲರಿ ಇಲ್ಲ, ಬೇಲಿ ಇಲ್ಲ. ಸುಣ್ಣದ ಗೆರೆಯ ಅಂಚಿಗೇ ಜನ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಹದಿನಾಲ್ಕರ ಹುಡುಗ ರೈಡ್‌ಗೆ ಹೊರಟಿದ್ದಾನೆ. ಒಂದು ಕಡೆಯಿಂದ ಅವನ ಅಪ್ಪ ‘ಹೋಗಲೇ ಮುಂದ’ ಎಂದು ಗದರುತ್ತಿದ್ದಾನೆ, ಇನ್ನೊಂದು ಕಡೆಯಿಂದ ಯಾರೋ ಅವನ ತಾಯಿಯ ಹೆಸರೆತ್ತಿ ಬೈಯುತ್ತಿದ್ದಾರೆ. ಹುಡುಗನ ದನಿ ಅಂಪೈರ್‌ಗೆ ಕೇಳಿಸದು. ಉಸಿರು ಕಡಿಯಿತೋ ಇಲ್ಲವೋ ಎಂಬ ಅನುಮಾನದಲ್ಲೇ ತೀರ್ಪು ಹೊರಬೀಳುತ್ತದೆ. ಆ ತೀರ್ಪಿನ ಮೇಲೆ ಮತ್ತೊಂದು ಸುತ್ತು ಬೈಗುಳ ಶುರುವಾಗುತ್ತದೆ.

ಇದನ್ನು ತಡೆಯುವ ಹೊಣೆಯನ್ನು ನಮ್ಮ ಸಂಘಟಕರು ಸಾಮಾನ್ಯವಾಗಿ ರೆಫರಿಯ ಹೆಗಲಿಗೆ ಹಾಕಿಬಿಡುತ್ತಾರೆ. ಅದು ತಪ್ಪು. ಗೆರೆಯೊಳಗಿನದು ರೆಫರಿಯದು, ಗೆರೆಯಾಚೆಯದು ಸಂಘಟಕರದು. ಏಳೇಳು ಹುಡುಗರ ಕೈಕಾಲುಗಳ ಮೇಲೆ ಕಣ್ಣಿಟ್ಟವರು ಅದೇ ಹೊತ್ತಿಗೆ ಗುಂಪಿನಲ್ಲಿ ಬೈದವರು ಯಾರೆಂದು ಹುಡುಕಲಾರರು.

ಮೊಗುಡಂಪಲ್ಲಿ, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದಲ್ಲಿ ಈ ಕೆಲಸ ಇನ್ನಷ್ಟು ಕಷ್ಟ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರು ಕಲಬುರಗಿಯದಾಗಿತ್ತು. ಗಡಿ ಬದಲಾದರೂ ನೆಂಟಸ್ತನ ಬದಲಾಗಲಿಲ್ಲ. ಹೀಗಾಗಿ ಇಲ್ಲಿ ಒಂದೇ ಪಂದ್ಯದ ಸುತ್ತ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕೇಳಿಸುತ್ತವೆ. ಹೊರ ಜಿಲ್ಲೆಯಿಂದ ಬಂದ ಅಂಪೈರ್‌ಗೆ ಇವುಗಳಲ್ಲಿ ಒಂದೆರಡು ಅರ್ಥವಾಗದಿರಬಹುದು. ಆದರೆ ಬೈಗುಳ ಯಾರಿಗೆ ಬಿತ್ತೋ ಆ ಮಗುವಿಗೆ ಅದು ಚೆನ್ನಾಗಿ ಅರ್ಥವಾಗಿರುತ್ತದೆ.

ಇಂಥ ಪ್ರಸಂಗವನ್ನು ನಿಭಾಯಿಸಿದ ಬಗೆ ತಿಳಿಯಲು ಹೈದರಾಬಾದಿನ ಮೊಹಮ್ಮದ್ ಸಿರಾಜ್ ಅವರಿಗೆ ಆದದ್ದನ್ನೇ ನೋಡಬಹುದು. 2021ರ ಜನವರಿಯ ಸಿಡ್ನಿ ಟೆಸ್ಟ್. ಮೂರನೆಯ ದಿನದಾಟ ಮುಗಿದ ಮೇಲೆ, ಸಿರಾಜ್ ಮತ್ತು ಬುಮ್ರಾ ಅವರನ್ನು ಪ್ರೇಕ್ಷಕರು ನಿಂದಿಸಿದರೆಂದು ಭಾರತ ತಂಡ ಅಧಿಕೃತವಾಗಿ ದೂರಿತು. ಮರುದಿನ, ಜನವರಿ 10ರಂದು, ಬೌಂಡರಿ ಬಳಿ ನಿಂತಿದ್ದ ಸಿರಾಜ್‌ಗೆ ಮತ್ತೆ ಬೈಗುಳ ಕೇಳಿಬಂತು. ಅವರು ಗ್ಯಾಲರಿಯತ್ತ ತಿರುಗಿ ಉತ್ತರ ಕೊಡಲಿಲ್ಲ. ನೇರವಾಗಿ ನಾಯಕ ಅಜಿಂಕ್ಯ ರಹಾನೆ ಬಳಿಗೆ ನಡೆದರು, ರಹಾನೆ ಅಂಪೈರ್‌ಗಳಿಗೆ ಹೇಳಿದರು. ಆಟ ಕೆಲವು ನಿಮಿಷ ನಿಂತಿತು. ಭದ್ರತಾ ಸಿಬ್ಬಂದಿ ಮತ್ತು ಪೊಲೀಸರು ಆ ಸಾಲಿಗೆ ಹೋಗಿ ಆರು ಮಂದಿಯನ್ನು ಹೊರಗೆ ಕಳಿಸಿದರು. ಬೇಕಿದ್ದರೆ ಮೈದಾನ ಬಿಟ್ಟು ಹೋಗಬಹುದೆಂದು ಅಂಪೈರ್‌ಗಳು ಹೇಳಿದಾಗ ರಹಾನೆ ಒಪ್ಪಲಿಲ್ಲ. ಆಡಲು ಬಂದಿದ್ದೇವೆ, ತಪ್ಪು ಮಾಡಿದವರು ಹೋಗಲಿ ಎಂಬುದು ಅವರ ನಿಲುವಾಗಿತ್ತು.

ಆಟಗಾರನಿಂದ ನಾಯಕನಿಗೆ, ನಾಯಕನಿಂದ ಅಂಪೈರ್‌ಗೆ, ಅಲ್ಲಿಂದ ಭದ್ರತೆಯವರಿಗೆ ಎಂಬ ದಾರಿ ಮೊದಲೇ ಇದ್ದುದರಿಂದ ಕೆಲಸ ನಿಮಿಷಗಳಲ್ಲಿ ಮುಗಿಯಿತು. ಆದರೆ ಈ ಪ್ರಕರಣಕ್ಕೆ ಇನ್ನೊಂದು ಮುಖವೂ ಇದೆ. ಆಟಗಾರರು ನಿಂದನೆಗೆ ಗುರಿಯಾದದ್ದು ನಿಜವೆಂದು ಆ ತಿಂಗಳ ಕೊನೆಗೆ ಕ್ರಿಕೆಟ್ ಆಸ್ಟ್ರೇಲಿಯಾ ಒಪ್ಪಿಕೊಂಡಿತು. ಹೊರಹಾಕಲಾದ ಆ ಆರು ಮಂದಿ ಮಾತ್ರ ನಿಂದಿಸಿದವರಲ್ಲ ಎಂದೂ ತಿಳಿಸಿತು. ಅಷ್ಟೊಂದು ಕ್ಯಾಮೆರಾ, ಅಷ್ಟೊಂದು ಸಿಬ್ಬಂದಿ ಇದ್ದ ಕ್ರೀಡಾಂಗಣದಲ್ಲೇ ಆಳು ತಪ್ಪಿತು. ಬೈದ ಬಾಯಿ ಯಾವುದೆಂದು ಆ ಕ್ಷಣದಲ್ಲೇ, ಹತ್ತಿರದಿಂದಲೇ ಗುರುತಿಸದಿದ್ದರೆ ಕ್ರಮಕ್ಕೆ ಬೆಲೆ ಇಲ್ಲ.

ಸಿರಾಜ್ ಆಗ ಬೆಳೆದ ಆಟಗಾರ, ಅವರ ಬೆನ್ನಿಗೆ ಇಡೀ ತಂಡವಿತ್ತು. ಹದಿನಾಲ್ಕರ ಹುಡುಗ ಅಥವಾ ಹುಡುಗಿ ಪಂದ್ಯದ ನಡುವೆ ರೆಫರಿಯ ಬಳಿ ಹೋಗಿ, ಗೆರೆಯಾಚೆ ಕೂತ ಊರ ಹಿರಿಯರ ಮೇಲೆ ದೂರು ಹೇಳುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬೈದವರು ಸ್ವಂತ ಅಪ್ಪನೇ ಆಗಿದ್ದರಂತೂ ಆ ಮಾತೇ ಇಲ್ಲ. ‘ಅವರ ಮಗ, ಅವರು ಬೈತಾರೆ’ ಎಂದು ಸಂಘಟಕರು ಸುಮ್ಮನಾಗುವುದು ಇಲ್ಲಿಯೇ. ತಂದೆಯ ಬೈಗುಳವನ್ನೂ ಬೈಗುಳವೆಂದೇ ಎಣಿಸಬೇಕು, ಮತ್ತು ದೂರು ಬರುವವರೆಗೆ ಕಾಯದೆ ಕೇಳಿಸಿಕೊಳ್ಳುವ ದೊಡ್ಡವರೊಬ್ಬರು ದಡದಲ್ಲೇ ಇರಬೇಕು.

ಅವರನ್ನು ಮಾರ್ಷಲ್ ಎನ್ನೋಣ. ಒಂದು ಅಂಕಣಕ್ಕೆ ಇಬ್ಬರು ಸಾಕು. ಆಡುವ ಮಕ್ಕಳ ಪೈಕಿ ಯಾರಿಗೂ ಅವರು ಪೋಷಕರಾಗಿರಬಾರದು, ಇಬ್ಬರ ನಡುವೆ ಮೂರೂ ಭಾಷೆ ಬರಬೇಕು, ದೂರದಿಂದ ಗುರುತು ಸಿಗುವ ಬಣ್ಣದ ಜಾಕೆಟ್ ಮೈಮೇಲಿರಬೇಕು. ನಿವೃತ್ತ ಮೇಷ್ಟರು, ಅಂಗನವಾಡಿ ಕಾರ್ಯಕರ್ತೆ, ಹಳೆಯ ಆಟಗಾರರು ಇದಕ್ಕೆ ಹೊಂದುತ್ತಾರೆ. ಜಗಳಗಂಟರಿಗೆ ಇದು ಹೇಳಿ ಮಾಡಿಸಿದ ಕೆಲಸವಲ್ಲ.

ಎರಡನೆಯದು ಹಗ್ಗ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ಶುರುಮಾಡಿದ ‘ರೆಸ್ಪೆಕ್ಟ್’ ಅಭಿಯಾನದಲ್ಲಿ ಮಕ್ಕಳ ಪಂದ್ಯಗಳಿಗೆ ಹೇಳಿದ್ದು ಇದನ್ನೇ. ಗೆರೆಯಿಂದ ಹಿಂದೆ ಹಗ್ಗ ಕಟ್ಟಿ ಪೋಷಕರನ್ನು ಅದರಾಚೆ ನಿಲ್ಲಿಸುವುದು, ಕೋಚ್‌ಗಳನ್ನು ಎದುರು ಬದಿಯಲ್ಲಿ ಇಡುವುದು. ಆಗ ಮಗುವಿಗೆ ಸೂಚನೆ ಬರುವ ದಿಕ್ಕು ಒಂದೇ ಆಗುತ್ತದೆ, ಕೋಚ್ ಮತ್ತು ಪೋಷಕರು ಒಬ್ಬರನ್ನೊಬ್ಬರು ಕೆರಳಿಸುವುದೂ ತಪ್ಪುತ್ತದೆ. ನಮ್ಮ ಬಯಲಿನಲ್ಲಿ ನಾಲ್ಕು ಗೂಟ, ಒಂದು ಸುತ್ತು ಹಗ್ಗ ಇದ್ದರೆ ಇದು ಆಗುವ ಕೆಲಸ. ಗೆರೆಯಿಂದ ಎರಡು ಮೀಟರ್ ಬಿಟ್ಟರೆ ರೈಡರ್‌ನ ದನಿ ಅಂಪೈರ್‌ಗೆ ಕೇಳಿಸುವುದೂ ಸುಲಭ.

ಮೂರನೆಯದು ಮೂರು ಮೆಟ್ಟಿಲಿನ ಕ್ರಮ. ಪಂದ್ಯಕ್ಕೆ ಮೊದಲು ಎರಡೂ ತಂಡದ ಮ್ಯಾನೇಜರ್‌ಗಳ ಎದುರು ಇದನ್ನು ಮೂರೂ ಭಾಷೆಯಲ್ಲಿ ಓದಿಬಿಡಬೇಕು. ನೋಂದಣಿ ಚೀಟಿಯಲ್ಲೂ ಅದನ್ನು ಅಚ್ಚು ಹಾಕಿಸಿ ಪೋಷಕರ ಸಹಿ ಪಡೆದಿರಬೇಕು.

ಮೊದಲ ಮೆಟ್ಟಿಲು, ಮಾರ್ಷಲ್ ಬೈದವರ ಪಕ್ಕಕ್ಕೆ ಹೋಗಿ ಕೂತು ತಗ್ಗಿದ ದನಿಯಲ್ಲಿ ಹೇಳುವುದು: ‘ಕಾಕಾ, ಹುಡುಗರು ಹೆದರತಾವ್ರೀ. ಹುರುಪು ತುಂಬ್ರಿ, ಬೈಬ್ಯಾಡ್ರಿ.’ ಮೈಕಿನಲ್ಲಿ ಹೆಸರು ಹಿಡಿದು ಎಚ್ಚರಿಸಕೂಡದು. ಊರವರೆಲ್ಲರ ಮುಂದೆ ಮರ್ಯಾದೆ ಹೋಯಿತೆಂದು ಅನಿಸಿದವರು ತಣ್ಣಗಾಗುವುದಿಲ್ಲ, ಜೊತೆಗಾರರನ್ನೂ ಎಬ್ಬಿಸುತ್ತಾರೆ. ಬಹುತೇಕರು ಈ ಮೆಟ್ಟಿಲಲ್ಲೇ ನಿಲ್ಲುತ್ತಾರೆ.

ನಿಲ್ಲದಿದ್ದರೆ ಮಾರ್ಷಲ್ ಕೈಯೆತ್ತುತ್ತಾರೆ, ರೆಫರಿ ಸೀಟಿ ಊದುತ್ತಾರೆ. ಹೊರಗಿನವರು ಅಡ್ಡಿಪಡಿಸಿದಾಗ ‘ಅಫಿಶಿಯಲ್ ಟೈಮ್ ಔಟ್’ ಕರೆಯಲು ಕಬಡ್ಡಿ ನಿಯಮದಲ್ಲೇ ಅವಕಾಶವಿದೆ, ಕಳೆದ ಸಮಯವನ್ನು ಪಂದ್ಯಕ್ಕೆ ಸೇರಿಸಲಾಗುತ್ತದೆ. ಬೇರೆ ಅಧಿಕಾರವನ್ನು ಹುಡುಕುವ ಅಗತ್ಯವೇ ಇಲ್ಲ. ಮಕ್ಕಳು ಅಂಕಣದ ನಡುವೆ ಕೂತು ನೀರು ಕುಡಿಯಲಿ. ಅಷ್ಟರಲ್ಲಿ ಮಾರ್ಷಲ್ ಜೊತೆ ಅದೇ ಬಣದ ತಂಡದ ಮ್ಯಾನೇಜರ್ ಕೂಡ ಹೋಗಿ ಮಾತಾಡಬೇಕು. ತಮ್ಮವರ ಮಾತನ್ನು ಜನ ಬೇಗ ಕೇಳುತ್ತಾರೆ.

ಮೂರನೆಯ ಮೆಟ್ಟಿಲು, ಆ ವ್ಯಕ್ತಿ ದನಿ ಕೇಳಿಸದಷ್ಟು ದೂರ ಹೋಗಬೇಕು, ಹೋಗುವವರೆಗೆ ಆಟ ಶುರುವಾಗದು. ಶಾಲಾ ಬಯಲು ಸಾರ್ವಜನಿಕ ಜಾಗ, ಕತ್ತು ಹಿಡಿದು ದಬ್ಬುವ ಅಧಿಕಾರ ಕ್ಲಬ್ಬಿಗಿಲ್ಲ. ಆಟ ನಿಲ್ಲಿಸುವ ಅಧಿಕಾರ ಇದೆ, ಅಷ್ಟು ಸಾಕು. ಹತ್ತು ನಿಮಿಷದಲ್ಲಿ ಹೊರಡದಿದ್ದರೆ ಪಂದ್ಯ ಮುಂದೂಡಿ, ಆಗಿನ ಅಂಕಗಳಿಂದಲೇ ಇನ್ನೊಂದು ದಿನ ಪ್ರೇಕ್ಷಕರಿಲ್ಲದೆ ಮುಗಿಸಬೇಕು.

ಬೈದವರ ತಂಡದ ಅಂಕ ಕಡಿಯಬೇಕೆಂಬ ವಾದ ಕೇಳಿಬರುವುದುಂಟು. ಅದು ಸರಿಯಲ್ಲ. ಅಪ್ಪನ ಬಾಯಿಗೆ ಮಗಳು ದಂಡ ಕಟ್ಟಿದಂತಾಗುತ್ತದೆ, ತಂಡದವರೆಲ್ಲ ಅವಳನ್ನೇ ದೂರುತ್ತಾರೆ. ಎದುರಾಳಿ ಬಣದವರನ್ನು ಕೆಣಕಿ ಬೈಸಿ ಅಂಕ ಗಳಿಸುವ ಚಾಳಿಯೂ ಬೆಳೆಯುತ್ತದೆ. ಶಿಕ್ಷೆ ದೊಡ್ಡವರಿಗೇ ಇರಲಿ: ಆ ಪೋಷಕರಿಗೆ ಮುಂದಿನ ಪಂದ್ಯಗಳಿಗೆ ಪ್ರವೇಶವಿಲ್ಲ, ಪದೇ ಪದೇ ಹೀಗಾದ ಕ್ಲಬ್ಬಿಗೆ ಮುಂದಿನ ಟೂರ್ನಿಯ ಆತಿಥ್ಯವಿಲ್ಲ.

ಅದೇ ಸಂಜೆ ಅರ್ಧ ಪುಟದ ವರದಿ ಬರೆದಿಡಬೇಕು. ‘ಅಸಭ್ಯವಾಗಿ ಬೈದರು’ ಎಂದರೆ ನಾಳೆ ಯಾರೂ ಏನನ್ನೂ ನಿರ್ಧರಿಸಲಾರರು. ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ, ಯಾವ ಪದ, ಯಾರ ಕಿವಿಗೆ ಬಿತ್ತು, ಯಾವ ಮೆಟ್ಟಿಲವರೆಗೆ ಹೋಯಿತು ಎಂಬುದು ಅದರಲ್ಲಿರಬೇಕು. ವಿಡಿಯೊ ಇದ್ದರೆ ಸಂಘಟಕರ ಬಳಿಯೇ ಇರಲಿ. ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಬೈಸಿಕೊಂಡ ಮಗು ಊರೂರಲ್ಲಿ ಮತ್ತೊಮ್ಮೆ ಬೈಸಿಕೊಂಡಂತೆ.

ಈ ಮೆಟ್ಟಿಲುಗಳನ್ನೆಲ್ಲ ಬಿಟ್ಟು ನೇರವಾಗಿ ಪೊಲೀಸರಿಗೆ ಹೋಗಬೇಕಾದ ಸಂದರ್ಭಗಳೂ ಇವೆ. ಜಾತಿ ಹಿಡಿದು ಬೈದದ್ದು ಅಂಥದ್ದು. ಪರಿಶಿಷ್ಟ ಜಾತಿ ಅಥವಾ ಪಂಗಡದವರನ್ನು ಸಾರ್ವಜನಿಕರೆದುರು ಜಾತಿ ಹೆಸರಿನಿಂದ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಟ್ಟೆಯ ಮೇಲೆ ಕೂಡಿಸಿ ರಾಜಿ ಮಾಡಿಸುವ ಹಕ್ಕು ಯಾವ ಕ್ಲಬ್ ಕಾರ್ಯದರ್ಶಿಗೂ ಇಲ್ಲ. ಜನ ಹಗ್ಗ ದಾಟಿ ನುಗ್ಗಿದರೂ ಅಷ್ಟೆ: ಆಟ ಅಲ್ಲಿಗೇ ಕೊನೆ, ಮಕ್ಕಳನ್ನು ಮತ್ತು ಅಂಪೈರ್‌ಗಳನ್ನು ಶಾಲೆಯ ಕೋಣೆಗೆ ಕಳಿಸಿ 112ಕ್ಕೆ ಕರೆ ಮಾಡಬೇಕು.

ಇದು ಅತಿಯಾಯಿತೆನ್ನುವವರು ನೆದರ್ಲೆಂಡ್ಸ್‌ನ ಅಲ್ಮೇರೆ ಪಟ್ಟಣದಲ್ಲಿ 2012ರ ಡಿಸೆಂಬರ್ 2ರಂದು ನಡೆದದ್ದನ್ನು ತಿಳಿದಿರಬೇಕು. ಅಲ್ಲಿನ ಕಿರಿಯರ ಫುಟ್‌ಬಾಲ್ ಪಂದ್ಯವೊಂದಕ್ಕೆ ಆಟಗಾರನ ತಂದೆಯೊಬ್ಬರು ಸ್ವಯಂಸೇವಕರಾಗಿ ಲೈನ್ಸ್‌ಮನ್ ಕೆಲಸ ಮಾಡುತ್ತಿದ್ದರು. ಪಂದ್ಯ ಮುಗಿದ ಮೇಲೆ ಎದುರಾಳಿ ಬಣದವರು ಅವರನ್ನು ನೆಲಕ್ಕೆ ಕೆಡವಿ ಒದ್ದರು. ಮರುದಿನ ಅವರು ತೀರಿಕೊಂಡರು. ಮುಂದಿನ ವಾರಾಂತ್ಯ ಇಡೀ ದೇಶದ ಹವ್ಯಾಸಿ ಪಂದ್ಯಗಳನ್ನು ಅಲ್ಲಿನ ಫುಟ್‌ಬಾಲ್ ಸಂಸ್ಥೆ ರದ್ದು ಮಾಡಿತು. 2013ರಲ್ಲಿ ತಪ್ಪಿತಸ್ಥರೆಂದು ಸಾಬೀತಾದವರಲ್ಲಿ ಆರು ಮಂದಿ ಹದಿಹರೆಯದ ಹುಡುಗರು. ಏಳನೆಯ ವ್ಯಕ್ತಿ ಆ ಹುಡುಗರಲ್ಲೊಬ್ಬನ ತಂದೆ.

ಗಡಿ ಭಾಗದ ಕ್ಲಬ್ಬುಗಳು ಟೂರ್ನಿಯ ಕರಪತ್ರದಲ್ಲಿ ಬಹುಮಾನದ ಮೊತ್ತ, ದಾನಿಗಳ ಹೆಸರು, ಅತಿಥಿಗಳ ಫೋಟೊ ಎಲ್ಲವನ್ನೂ ಹಾಕಿಸುತ್ತವೆ. ಮುಂದಿನ ಸಲ ಅದು ಅಚ್ಚಿಗೆ ಹೋಗುವ ಮುನ್ನ ಇಬ್ಬರು ಮಾರ್ಷಲ್‌ಗಳನ್ನು ಗೊತ್ತುಮಾಡಿ ಅವರ ಹೆಸರನ್ನೂ, ಮೂರು ಮೆಟ್ಟಿಲಿನ ಕ್ರಮವನ್ನೂ ಕನ್ನಡ, ತೆಲುಗು, ಉರ್ದುಗಳಲ್ಲಿ ಅಚ್ಚು ಹಾಕಿಸಲಿ. ಅಷ್ಟೂ ಮಾಡಲಾಗದ ಕ್ಲಬ್ ಮಕ್ಕಳ ಟೂರ್ನಿ ನಡೆಸುವ ಹೊಣೆ ಹೊರಬಾರದು.