ಚೆನ್ನಾಗಿಲ್ಲ ಅಂದ್ರೆ ‘ಸಂತೋಷ’ ಅಂದುಬಿಡ್ತು

ತರಕಾರಿ ರೇಟು ಹೇಳೋ ಒಂದು ಪುಟ್ಟ ಚಾಟ್‌ಬಾಟ್ ಮಾಡಿದ್ವಿ. ನಮ್ಮಲ್ಲಿ ಒಬ್ಬನ ಊರು ಗುಂಡ್ಲುಪೇಟೆ ಹತ್ರದ ತೆರಕಣಾಂಬಿ. ಮೊದಲು ಬಳಸಿ ನೋಡಿದ್ದು ಅವನ ದೊಡ್ಡಪ್ಪ. ನಮ್ಮ ಕಡೆ ಹಿರಿಯರು ನೇರವಾಗಿ ರೇಟು ಕೇಳಲ್ಲ. ‘ಚೆನ್ನಾಗಿದ್ದೀರಾ?’ ಅಂತಲೇ ಶುರು ಮಾಡ್ತಾರೆ.

ಇದಕ್ಕೆ ಏನು ಉತ್ತರ ಬರೆಯೋದು ಅಂತ ನಮ್ಮಲ್ಲೇ ಜಗಳ. ‘ನನಗೆ ಭಾವನೆಗಳಿಲ್ಲ, ನಾನೊಂದು ಯಂತ್ರ’ ಎಂದು ಅರ್ಧ ಪುಟ ಬರೆದವನೊಬ್ಬ. ಕ್ಷೇಮ ಕೇಳಿದವರಿಗೆ ಪಾಠ ಯಾಕೆ? ‘ಈಗಷ್ಟೇ ಮುದ್ದೆ ಊಟ ಆಯ್ತು’ ಎಂದು ಬರೆದವನು ಇನ್ನೊಬ್ಬ. ಅದು ಶುದ್ಧ ಸುಳ್ಳು. ಕೊನೆಗೆ ‘ಚೆನ್ನಾಗಿದ್ದೇನೆ, ನೀವು ಹೇಗಿದ್ದೀರಿ?’ ಎಂದು ಹಾಕಿದ್ವಿ. ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ ಅನ್ನೋದು ನಮ್ಮ ಈಗಿನ ಅಭಿಪ್ರಾಯ.

ದೊಡ್ಡಪ್ಪ ಪಾಪ, ಕೇಳಿದ್ದಕ್ಕೆ ನಿಜ ಹೇಳಿದರು: ‘ಚೆನ್ನಾಗಿಲ್ಲ ಕಣಪ್ಪ, ಬೆನ್ನು ನೋವು.’ ಪರದೆ ಮೇಲೆ ಬಂದದ್ದು ‘ಕೇಳಿ ಸಂತೋಷವಾಯಿತು!’ ಅವರು ಫೋನ್ ಕೆಳಗಿಟ್ಟರು. ರೇಟು ಕೇಳಲೇ ಇಲ್ಲ.

ಕೋಡ್ ತೆಗೆದು ನೋಡಿದರೆ ಹೀಗಿತ್ತು:

```python
if "ಚೆನ್ನಾಗಿ" in msg:
    reply = "ಕೇಳಿ ಸಂತೋಷವಾಯಿತು!"
```

ಕನ್ನಡದಲ್ಲಿ ‘ಇಲ್ಲ’ ಅನ್ನೋದು ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ‘ಚೆನ್ನಾಗಿಲ್ಲ’ದೊಳಗೆ ‘ಚೆನ್ನಾಗಿ’ ಇಡಿಯಾಗಿ ಕೂತಿದೆ. ಸರಿ, ಮೊದಲು ‘ಇಲ್ಲ’ ಇದೆಯಾ ಅಂತ ಹುಡುಕೋಣ ಅಂದುಕೊಂಡ್ವಿ. ಅದೂ ಸಿಗಲಿಲ್ಲ:

```python
"ಇಲ್ಲ" in "ಚೆನ್ನಾಗಿಲ್ಲ"   # False
```

ಕಾರಣ ಯೂನಿಕೋಡ್. ಬಿಡಿಯಾಗಿ ಬರೆದ ‘ಇ’ ಒಂದು ಸಂಕೇತ, ‘ಗಿ’ಯಲ್ಲಿರೋ ಗುಡಿಸು ಬೇರೆಯೇ ಸಂಕೇತ. ಕಿವಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ. ಗುಡಿಸಿನ ಸಮೇತ ‘ಿಲ್ಲ’ ಅಂತ ಹುಡುಕಿದರೆ ‘ಹುಷಾರಿಲ್ಲ’ ಕೂಡ ಸಿಗುತ್ತದೆ, ನಿಜ. ಆದರೆ ‘ಜಿಲ್ಲೆ’ಯೂ ಸಿಕ್ಕಿಬೀಳುತ್ತದೆ! ‘ಏನ್ ಚೆನ್ನಾಗೋದು ಬಿಡಿ’ ಅಂದವರ ಮಾತಲ್ಲಂತೂ ‘ಇಲ್ಲ’ವೇ ಇರಲ್ಲ, ಬೇಸರ ಮಾತ್ರ ಇರುತ್ತೆ.

ಒಂದೊಂದೇ ಪದ ಸೇರಿಸುತ್ತಾ ಹೋಗಬಹುದಿತ್ತು. ನಾವು ಪ್ರಶ್ನೆಯನ್ನೇ ತೆಗೆದುಹಾಕಿದ್ವಿ. ಬೆನ್ನು ನೋವು ಅಂದರೆ ಈ ಪ್ರೋಗ್ರಾಂ ಮಾಡುವುದಾದರೂ ಏನು? ಈಗಿನ ಉತ್ತರ ಇಷ್ಟೇ: ‘ನಮಸ್ಕಾರ. ನಾನು ರೇಟು ಹೇಳೋ ಪ್ರೋಗ್ರಾಂ. ಯಾವ ತರಕಾರಿದು ಬೇಕು, ಹೇಳಿ.’ ಇದು ತೀರಾ ಒಣ ಅಂತ ನಮ್ಮಲ್ಲೇ ಇಬ್ಬರ ತಕರಾರು ಇನ್ನೂ ಇದೆ. ದೊಡ್ಡಪ್ಪ ಮಾತ್ರ ಮೊನ್ನೆ ಅದನ್ನ ಓದಿ, ಬೀನ್ಸ್ ರೇಟು ಕೇಳಿದರು.